ಗದ್ದಲದ ಘಾಟಿನಲ್ಲಿ ನಾಲ್ಕೇ ಮಾತು

ಕಾಶಿಗೆ ಯಾತ್ರೆ ಹೊರಟಿದ್ದೀರಿ, ತಂಡದಲ್ಲಿ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರೂ ಇದ್ದಾರೆ. ಹರಿಶ್ಚಂದ್ರ ಘಾಟಿನ ಹತ್ತಿರ ಅವರಿಂದ ರಾಘವಾಂಕನ ಹರಿಶ್ಚಂದ್ರ ಕಾವ್ಯದ ಬಗ್ಗೆ ಮಾತಾಡಿಸಬೇಕು, ಅವರನ್ನು ಪರಿಚಯಿಸುವ ಕೆಲಸ ನಿಮ್ಮದು. ಒಳ್ಳೆಯದೇ. ಆದರೆ ಅಲ್ಲಿ ಮೈಕಿಲ್ಲ, ಅದನ್ನು ತರಲೂ ಹೋಗಬೇಡಿ. ಬಯಲಿನಲ್ಲಿ ಧ್ವನಿವರ್ಧಕ ಹಾಕಲು ಲಿಖಿತ ಅನುಮತಿ ಬೇಕೆಂದು 2000ದ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. ಅದಕ್ಕೂ ಮಿಗಿಲಾಗಿ, ಅದು ಹಗಲಿರುಳು ಚಿತೆ ಉರಿಯುವ ಜಾಗ.

ಹಾಗಾಗಿ ಮೊದಲು ಜಾಗ ಬದಲಿಸಿ. ಸುಡುವ ಕಟ್ಟೆಯ ಎದುರು ಸಭೆ ಮಾಡಬಾರದು. ದುಃಖದಲ್ಲಿರುವವರ ಮುಂದೆ ಗಂಟಲೆತ್ತಿ ಮಾತಾಡುವುದು ನಮ್ಮ ಸಂಸ್ಕಾರವಲ್ಲ. ಪಕ್ಕದಲ್ಲೇ ದಕ್ಷಿಣಕ್ಕೆ ಕರ್ನಾಟಕ ಘಾಟ್ ಇದೆ, ಮೈಸೂರು ಸಂಸ್ಥಾನದ ಕಾಲದ್ದು. ಅಲ್ಲಿಯ ಮೆಟ್ಟಿಲ ಮೇಲೆ ಎಲ್ಲರನ್ನೂ ಕೂರಿಸಿ, ನೀವು ನಾಲ್ಕು ಮೆಟ್ಟಿಲು ಕೆಳಗೆ ಅವರ ಕಡೆ ಮುಖ ಮಾಡಿ ನಿಲ್ಲಿ. ಒಬ್ಬರ ತಲೆ ಇನ್ನೊಬ್ಬರಿಗೆ ಅಡ್ಡವಾಗದೆ ದನಿ ಮೇಲಿನ ಸಾಲಿಗೂ ನೇರವಾಗಿ ತಲುಪುತ್ತದೆ. ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದರೆ ಹತ್ತಿರ ಕರೆಯಿರಿ, ಸಂಕೋಚ ಬೇಡ. ದೂರ ಎರಡರಷ್ಟಾದರೆ ಬಯಲಿನಲ್ಲಿ ದನಿಯ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಕೊನೆಯ ಸಾಲು ಹತ್ತು ಹನ್ನೆರಡು ಹೆಜ್ಜೆಯೊಳಗೇ ಇರಲಿ.

ಇನ್ನು ದನಿಯ ವಿಷಯ. ನೀವೆಲ್ಲ ಮಾಡುವ ತಪ್ಪೆಂದರೆ, ಗದ್ದಲ ಕಂಡ ಕೂಡಲೇ ಕಿರುಚುವುದು. ಕಿರುಚಿದರೆ ದನಿ ಕೀರಲಾಗುತ್ತದೆ, ಅಕ್ಷರ ಕಲಸಿಹೋಗುತ್ತದೆ. ಗಂಟಲು ಕೆರೆಯತೊಡಗಿದರೆ ಕತ್ತು ಬಿಗಿ ಹಿಡಿದಿದ್ದೀರಿ ಎಂದು ತಿಳಿಯಿರಿ. ಕಾಲು ಸ್ವಲ್ಪ ಅಗಲಿಸಿ ನಿಂತು, ಹೊಟ್ಟೆ ಉಬ್ಬುವಂತೆ ಉಸಿರು ತುಂಬಿಕೊಂಡು, ಬಾಯಿ ಚೆನ್ನಾಗಿ ತೆರೆದು, ನಿಮ್ಮ ಸಹಜ ಶ್ರುತಿಯಲ್ಲೇ ನಿಧಾನವಾಗಿ ಹೇಳಿ. ಚೀಟಿ ನೋಡಿಕೊಂಡು ಓದಬೇಡಿ, ತಲೆ ಬಗ್ಗಿದರೆ ದನಿ ನೆಲಕ್ಕೇ ಹೋಗುತ್ತದೆ. ಕೊನೆಯ ಸಾಲಿನಲ್ಲಿ ಒಬ್ಬರನ್ನು ಗೊತ್ತುಮಾಡಿ, ಕೇಳಿಸದಿದ್ದರೆ ಕೈ ಎತ್ತಲು ಹೇಳಿ. ಅವರನ್ನೇ ನೋಡುತ್ತಾ ಮಾತಾಡಿ.

ಎಲ್ಲಕ್ಕಿಂತ ಮುಖ್ಯ ವಾಕ್ಯದ ಉದ್ದ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಹೌದೋ ಅಲ್ಲವೋ ಎನ್ನುವುದೂ ಅಲ್ಲೇ ತಿಳಿಯುವುದು. ಉಸಿರು ಮುಗಿಯುವುದೂ ದನಿ ಇಳಿಯುವುದೂ ಅಲ್ಲಿಯೇ! ಆಗ ಕೇಳುವವರಿಗೆ ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗಾಗುತ್ತದೆ. “ಕನ್ನಡ ಸಾಹಿತ್ಯಕ್ಕೆ ಅಪಾರ ಸೇವೆ ಸಲ್ಲಿಸಿ, ಹಲವಾರು ಪ್ರಶಸ್ತಿಗಳಿಗೆ ಭಾಜನರಾಗಿ, ನಮ್ಮೆಲ್ಲರ ಅಚ್ಚುಮೆಚ್ಚಿನವರಾದಂತಹ...” ಎಂದು ನೀವು ಎಳೆಯುವಷ್ಟರಲ್ಲಿ ಒಂದು ಮೋಟಾರು ದೋಣಿ ಹಾದುಹೋಯಿತು ಅನ್ನಿ, ಮೇಷ್ಟ್ರ ಹೆಸರೇ ಮುಳುಗಿತು. ಅತಿಯಾದರೆ ಅಮೃತವೂ ವಿಷ.

ಅದರ ಬದಲು ಹೀಗೆ ತುಂಡು ಮಾಡಿ:

“ಎಲ್ಲರಿಗೂ ನಮಸ್ಕಾರ.
ಪಕ್ಕದಲ್ಲೇ ಹರಿಶ್ಚಂದ್ರ ಘಾಟ್.
ಆ ರಾಜನ ಕಥೆ ನಾವೆಲ್ಲ ಬಲ್ಲೆವು.
ಕನ್ನಡದಲ್ಲಿ ಅದನ್ನು ಕಾವ್ಯ ಮಾಡಿದವನು ರಾಘವಾಂಕ.
ಹದಿಮೂರನೆಯ ಶತಮಾನದ ಕವಿ.
ಆ ಕಾವ್ಯ ಪಾಠ ಮಾಡಿದವರು ನಮ್ಮ ಜೊತೆ ಇದ್ದಾರೆ.”

ಒಂದೊಂದು ಸಾಲಿಗೂ ಒಂದೊಂದು ಉಸಿರು. ಸಾಲು ಮುಗಿದ ಮೇಲೆ ಮನಸ್ಸಿನಲ್ಲೇ ಒಂದು, ಎರಡು ಎಣಿಸಿ. ‘ಬಲ್ಲೆವು’, ‘ಇದ್ದಾರೆ’ ಎನ್ನುವ ಕೊನೆಯ ಪದಗಳನ್ನು ನುಂಗದೆ, ಮೊದಲ ಪದದಷ್ಟೇ ಗಟ್ಟಿಯಾಗಿ ಹೇಳಿ. ಪ್ರಶಸ್ತಿಗಳ ಪಟ್ಟಿ ಊರಿಗೆ ಹೋದ ಮೇಲೆ ಹೇಳಿಕೊಳ್ಳಬಹುದು.

ಹೆಸರನ್ನು ಕೊನೆಗೆ ಇಟ್ಟುಕೊಳ್ಳಿ, ಆದರೆ ಅವಸರದಲ್ಲಿ ಒದರಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ. ದೋಣಿಯ ಸದ್ದೋ ಗಂಟೆಯೋ ಕೇಳಿಬಂದರೆ ಅದರ ಜೊತೆ ಪೈಪೋಟಿಗೆ ಇಳಿಯದೆ ಸುಮ್ಮನೆ ನಿಲ್ಲಿ. “ರಾಮ್ ನಾಮ್ ಸತ್ಯ ಹೈ” ಎನ್ನುತ್ತಾ ಶವಯಾತ್ರೆ ಬಂದರಂತೂ ಮಾತು ಪೂರ್ತಿ ನಿಲ್ಲಿಸಿ, ಅವರು ಮುಂದೆ ಹೋಗಲಿ. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಸದ್ದು ಇಳಿದ ಗಳಿಗೆಯಲ್ಲಿ ಮೇಷ್ಟ್ರ ಹೆಸರನ್ನು ಅಕ್ಷರ ಬಿಡಿಸಿ ಹೇಳಿ. ಒಮ್ಮೆ ತಡೆದು ಇನ್ನೊಮ್ಮೆ ಹೇಳಿ. ಮೇಷ್ಟ್ರಿಗೂ ಮೊದಲೇ ಕಿವಿಯಲ್ಲಿ ಹೇಳಿಡಿ: ನೀವು ನಿಂತ ಜಾಗದಲ್ಲೇ ಅವರೂ ನಿಲ್ಲಲಿ, ಹತ್ತು ನಿಮಿಷಕ್ಕೆ ಮುಗಿಸಲಿ. ಅದಕ್ಕಿಂತ ಹೆಚ್ಚು ಹೊತ್ತು ಬಯಲಿನಲ್ಲಿ ಬರಿ ದನಿಯಲ್ಲಿ ಮಾತಾಡುವುದು ವಯಸ್ಸಾದ ಗಂಟಲಿಗೆ ಒಳ್ಳೆಯದಲ್ಲ.

ಹೆಸರು ಹೇಳಿದ ಮೇಲೆ ಚಪ್ಪಾಳೆ ಕೇಳಬೇಡಿ, ಆ ಜಾಗಕ್ಕೆ ಅದು ಸಲ್ಲದು. ಕೈ ಮುಗಿಯಿರಿ, ಪಕ್ಕಕ್ಕೆ ಸರಿದು ನೀವೂ ಮೆಟ್ಟಿಲ ಮೇಲೆ ಕೂತುಕೊಳ್ಳಿ.