ಮಹಾಸಭೆಯ ನಡವಳಿ: ಸಾರಸಂಗ್ರಹದ ಕ್ರಮ

ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರದ ಬೀಜವನ್ನು ಬಿತ್ತಿದರು. ಅಂದಿನಿಂದ ಪುತ್ತೂರು, ಸುಳ್ಯ, ಕಡಬ ಸೀಮೆಯ ಕೃಷಿಕನಿಗೆ ಸಂಘದ ಮಹಾಸಭೆ ಚಿರಪರಿಚಿತ. ಆದರೆ ಸಭೆಗೆ ಬಾರದ ಸದಸ್ಯನಿಗೆ ಅಲ್ಲಿ ನಡೆದುದನ್ನು ತಿಳಿಸುವುದು ನಡವಳಿಯ ಸಾರಾಂಶವೊಂದೇ. ಅದರಲ್ಲಿ ನುಸುಳಿದ ಒಂದು ತಪ್ಪು ಸಂಘದ ಹಣದ ಮೇಲೆಯೇ ಪರಿಣಾಮ ಬೀರಬಲ್ಲದು.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಅಡಿಕೆ ದಾಸ್ತಾನಿಗಾಗಿ 12 ಲಕ್ಷ ರೂಪಾಯಿ ವೆಚ್ಚದಲ್ಲಿ ಗೋದಾಮು ಕಟ್ಟಿಸಬೇಕೆಂಬ ಸೂಚನೆ ಸಭೆಯ ಮುಂದೆ ಬಂದಿತು. ಸದಸ್ಯರೊಬ್ಬರು ವೆಚ್ಚವನ್ನು 8 ಲಕ್ಷಕ್ಕೆ ಇಳಿಸುವ ತಿದ್ದುಪಡಿಯನ್ನು ಸೂಚಿಸಿದರು. ತಿದ್ದುಪಡಿಯ ಪರ 64, ವಿರುದ್ಧ 41 ಕೈಗಳು ಎದ್ದವು. ಅನಂತರ ತಿದ್ದಿದ ಸೂಚನೆಯನ್ನು ಮತಕ್ಕೆ ಹಾಕಲಾಗಿ 82 ಪರ, 19 ವಿರುದ್ಧ ಮತಗಳು ಬಂದವು. ಕೊನೆಯಲ್ಲಿ “ಮುಂದಿನ ಕ್ರಮ ಕೈಗೊಳ್ಳುವುದು” ಎಂದು ನಡವಳಿಯಲ್ಲಿ ಬರೆಯಲಾಯಿತು.

ಇಲ್ಲಿ ಎಡವುವ ಸ್ಥಳಗಳು ಮೂರು. ಮೊದಲು ಮಂಡಿತವಾದ 12 ಲಕ್ಷವನ್ನೇ ಮಂಜೂರಾದ ಮೊತ್ತವೆಂದು ಬರೆಯುವುದು ಮೊದಲನೆಯದು. ಚರ್ಚೆಗೆ ಬಂದುದೆಲ್ಲ ನಿರ್ಣಯವಲ್ಲ. ಕೊನೆಗೆ ಅಂಗೀಕೃತವಾದ ಮಾತೇ ನಿರ್ಣಯ. ತಿದ್ದುಪಡಿಗೆ ಬಂದ 64 ಮತಗಳನ್ನು ಗೋದಾಮಿಗೆ ಬಂದ ಮತಗಳೆಂದು ಎಣಿಸುವುದು ಎರಡನೆಯದು. ತಿದ್ದುಪಡಿಯನ್ನು ಒಪ್ಪಿದವನು ಗೋದಾಮನ್ನು ಒಪ್ಪಲೇಬೇಕೆಂದಿಲ್ಲ. ಅದನ್ನು ವಿರೋಧಿಸಿದವನೂ ಅನಂತರ ಗೋದಾಮಿನ ಪರ ಕೈ ಎತ್ತಬಹುದು. ಆದುದರಿಂದ ನಿರ್ಣಯದ ಮತವೆಂದು 82–19 ಅನ್ನೇ ಬರೆಯಬೇಕು. ಹಾಜರಿ ಪುಸ್ತಕದಲ್ಲಿ 118 ಸಹಿಗಳಿದ್ದರೂ ಉಳಿದ 17 ಮಂದಿಯನ್ನು ತಟಸ್ಥರೆಂದು ಊಹಿಸಲಾಗದು. ಅವರಲ್ಲಿ ಕೆಲವರು ಅಷ್ಟರೊಳಗೆ ಮನೆಗೆ ತೆರಳಿರಬಹುದು. ವಿರುದ್ಧ ಮತಗಳು ಬಿದ್ದಿರುವುದರಿಂದ “ಸರ್ವಾನುಮತ” ಎಂಬ ಪದಕ್ಕೂ ಇಲ್ಲಿ ಎಡೆಯಿಲ್ಲ.

ಮೂರನೆಯದು ಹೊಣೆಯ ವಿಷಯ. “ಕ್ರಮ ಕೈಗೊಳ್ಳುವುದು” ಎಂಬ ವಾಕ್ಯಕ್ಕೆ ಕರ್ತೃವಿಲ್ಲ. ಸಾರಾಂಶ ಬರೆಯುವವನು ತನ್ನ ಊಹೆಯಿಂದ ಕಾರ್ಯದರ್ಶಿಯ ಹೆಸರನ್ನು ಅಲ್ಲಿ ಸೇರಿಸಬಾರದು. “ಹೊಣೆ: ನಮೂದಾಗಿಲ್ಲ” ಎಂದೇ ಬರೆಯಬೇಕು. ಆ ಖಾಲಿ ಜಾಗವು ಕಣ್ಣಿಗೆ ಬಿದ್ದರೆ ಆಡಳಿತ ಮಂಡಳಿಯು ತನ್ನ ಮುಂದಿನ ಸಭೆಯಲ್ಲಿ ಒಬ್ಬರನ್ನು ನೇಮಿಸೀತು. ಮುಚ್ಚಿಹೋದರೆ ಕೆಲಸವೇ ನಿಂತೀತು.

ಹೀಗೆ ಸಾರಾಂಶವು ಈ ರೂಪವನ್ನು ತಾಳುತ್ತದೆ:

ನಿರ್ಣಯ: 8 ಲಕ್ಷ ರೂಪಾಯಿ ವೆಚ್ಚದಲ್ಲಿ ಅಡಿಕೆ ಗೋದಾಮು ಕಟ್ಟಿಸುವುದು (ತಿದ್ದುಪಡಿಯೊಡನೆ ಅಂಗೀಕೃತ).
ಮತ: ಪರ 82, ವಿರುದ್ಧ 19, ಬಹುಮತದಿಂದ.
ಹೊಣೆ: ನಮೂದಾಗಿಲ್ಲ. ಗಡುವು: ನಮೂದಾಗಿಲ್ಲ.

ಬೈಲಾ ತಿದ್ದುಪಡಿಯ ನಿರ್ಣಯಕ್ಕೆ ಮಾತ್ರ ಇನ್ನೊಂದು ಸಾಲು ಬೇಕು. ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರಂತೆ ಅಂಥ ತಿದ್ದುಪಡಿಯು ನೋಂದಣಿಯಾಗುವ ತನಕ ಸಿಂಧುವಾಗದು. ಆದ್ದರಿಂದ “ಅಂಗೀಕೃತ” ಎಂಬುದರ ಕೆಳಗೆ “ನೋಂದಣಿ ಬಾಕಿ” ಎಂದು ಬರೆಯದಿದ್ದಲ್ಲಿ, ಇನ್ನೂ ಜಾರಿಗೆ ಬಾರದ ನಿಯಮವನ್ನು ನಂಬಿ ಸದಸ್ಯನು ವ್ಯವಹರಿಸುವಂತಾಗುತ್ತದೆ.

ಬರೆದು ಮುಗಿಸಿದ ಮೇಲೆ ಸಾರಾಂಶದ ಪ್ರತಿಯೊಂದು ಅಂಕಿಯನ್ನೂ ನಡವಳಿ ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು ಹೋಲಿಸಬೇಕು. ಬೆರಳಿಡಲು ಸಾಲು ದೊರೆಯದ ಮಾತನ್ನು ಹೊಡೆದುಹಾಕತಕ್ಕದ್ದು.