ಮೊತ್ತ ತಾಳೆಯಾಯಿತು, ರಸೀದಿ ಕಾಣೆಯಾಯಿತು

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ವಾರದ ಕೂಲಿ ಹೆಚ್ಚಾಗಿ ಶನಿವಾರ ಕೈಗೆ ಬರುತ್ತದೆ. ಕಾರ್ಮಿಕರ ಮಕ್ಕಳು ಓದುವ ಸಣ್ಣ ಖಾಸಗಿ ಶಾಲೆಗಳಿಗೆ ಫೀಸೂ ಅದೇ ಲಯದಲ್ಲಿ ಬರುತ್ತದೆ: ಸಾವಿರ, ಎರಡು ಸಾವಿರ, ಎಲ್ಲ ನಗದು. ಅಂಥದ್ದೊಂದು ಶಾಲೆಯ ಲೆಕ್ಕ ನೋಡಲು ನಾನು ಹೋಗಿದ್ದಾಗ ಕಲಿತ ಪಾಠವಿದು.

ಸೋಮವಾರ ಬೆಳಿಗ್ಗೆ ಒಬ್ಬ ತಾಯಿ ಬಂದು ನಿಂತರು. ಮಗಳ ಹೆಸರಿನಲ್ಲಿ 3,000 ಬಾಕಿ ಎಂದು ಶಾಲೆ ಹೇಳಿ ಕಳಿಸಿತ್ತು. “ಮೊನ್ನೇನೇ ಕಟ್ಟಿದ್ದೀನಲ್ಲ ಸಾರ್” ಎಂದು ಆಕೆ ಪರ್ಸಿನಿಂದ ತೆಗೆದದ್ದು ನೋಟ್‌ಬುಕ್ಕಿನಿಂದ ಹರಿದ ಚೀಟಿ. ಅದರ ಮೇಲೆ ಮೊತ್ತ, ಗುಮಾಸ್ತನ ಗೀಚು ಸಹಿ. ನೂಕುನುಗ್ಗಲಿದ್ದುದರಿಂದ ರಸೀದಿ ಆಮೇಲೆ ಕೊಡುವುದಾಗಿ ಆತ ಹೇಳಿದ್ದನಂತೆ.

ವಿಚಿತ್ರವೆಂದರೆ ಆಕೆ ಹಣ ಕಟ್ಟಿದ ದಿನದ ಲೆಕ್ಕ ಪೈಸೆಗೆ ಪೈಸೆ ಸರಿಯಿತ್ತು. ರಸೀದಿಗಳ ಮೊತ್ತ, ಪೆಟ್ಟಿಗೆಯ ನಗದು, ಬ್ಯಾಂಕ್ ಚಲನ್ ಮೂರೂ ಒಂದೇ. ಆಗದೆ ಇನ್ನೇನು? ಮೂರೂ ಹುಟ್ಟಿದ್ದು ಉಳಿದುಕೊಂಡ ರಸೀದಿಗಳಿಂದಲೇ. ಇಲ್ಲದ ರಸೀದಿ ಮೊತ್ತದಲ್ಲಿ ಕಾಣುವುದಿಲ್ಲ.

ಆಗ ಮೊತ್ತ ಬಿಟ್ಟು ನಂಬರ್ ಎಣಿಸಲು ಕೂತೆವು. ಪುಸ್ತಕದಲ್ಲಿ 4201ರಿಂದ 4260ರವರೆಗೆ ಬಳಕೆಯಾಗಿತ್ತು, ಅಂದರೆ 60 ರಸೀದಿ. ಸಿಕ್ಕಿದ ಕಚೇರಿ ಪ್ರತಿಗಳು 58. ಕಾಣೆಯಾದವು 4237 ಮತ್ತು 4238. “ತಪ್ಪಾಗಿ ಬರೆದೆ, ಹರಿದು ಹಾಕಿದೆ” ಎಂದ ಗುಮಾಸ್ತ. ನಿಜವೂ ಇರಬಹುದು, ಸುಳ್ಳೂ ಇರಬಹುದು. ಹೇಳಲು ಕಾಗದವೇ ಉಳಿದಿರಲಿಲ್ಲ.

ಬದಲಾದದ್ದು ನಾಲ್ಕು ಸಂಗತಿ. ದಿನದ ಹಾಳೆಯಲ್ಲಿ ಮೊತ್ತಕ್ಕಿಂತ ಮೇಲೆ ಮೊದಲ ನಂಬರ್, ಕೊನೆಯ ನಂಬರ್, ರದ್ದಾದ ನಂಬರ್ ಬರೆಯಬೇಕು. ರದ್ದಾದ ರಸೀದಿಯ ಎಲ್ಲ ಪ್ರತಿಗಳೂ ಅಡ್ಡಗೆರೆ ಮತ್ತು ಮುಖ್ಯೋಪಾಧ್ಯಾಯಿನಿಯ ಸಹಿಯೊಂದಿಗೆ ಪುಸ್ತಕದಲ್ಲೇ ಇರಬೇಕು. ಹೊಸ ಪುಸ್ತಕ ಅವರ ಬೀರುವಿನಲ್ಲಿರುತ್ತದೆ. ಹಳೆಯದನ್ನು ಎಣಿಸಿ ಒಪ್ಪಿಸಿದ ಮೇಲೆಯೇ ಕೌಂಟರ್‌ಗೆ ಬರುತ್ತದೆ. ಇರುವುದು ಒಬ್ಬನೇ ಗುಮಾಸ್ತನಾದ್ದರಿಂದ, ಸಂಜೆ ನೋಟುಗಳನ್ನು ಎಣಿಸಿ ಸಹಿ ಹಾಕುವುದೂ ಮುಖ್ಯೋಪಾಧ್ಯಾಯಿನಿಯೇ.

ಆದರೆ ಆ ತಾಯಿಯ ಚೀಟಿಯನ್ನು ಇದ್ಯಾವುದೂ ಹಿಡಿಯುತ್ತಿರಲಿಲ್ಲ. ರಸೀದಿಯನ್ನೇ ಬರೆಯದಿದ್ದರೆ ನಂಬರ್ ಸಾಲಿನಲ್ಲಿ ಬಿರುಕೂ ಇರುವುದಿಲ್ಲ. ಅದನ್ನು ಹಿಡಿಯಬಲ್ಲವರು ಹಣ ಕೊಟ್ಟವರು ಮಾತ್ರ. ಹಾಗಾಗಿ ಅಚ್ಚಾದ ರಸೀದಿ ಇಲ್ಲದೆ ಹಣ ಕೊಡಬೇಡಿ ಎಂಬ ತಮಿಳು ಫಲಕ ಕೌಂಟರ್ ಮೇಲೆ ಬಂತು. ತಿಂಗಳಿಗೊಮ್ಮೆ ಕಟ್ಟಿದ್ದೆಷ್ಟು, ಬಾಕಿ ಎಷ್ಟು ಎಂಬ ಪಟ್ಟಿಯನ್ನು ಮಗುವಿನ ಡೈರಿಯಲ್ಲಿ ಅಂಟಿಸಿ ಮನೆಗೆ ಕಳಿಸಲಾಯಿತು. ತಕರಾರು ಇದ್ದರೆ ಗುಮಾಸ್ತನ ಬಳಿಗಲ್ಲ, ನೇರ ಮುಖ್ಯೋಪಾಧ್ಯಾಯಿನಿಯ ಬಳಿಗೆ.

ಮೊದಲ ತಿಂಗಳು ಹನ್ನೊಂದು ತಕರಾರು ಬಂದವು. ಒಂಬತ್ತರಲ್ಲಿ ಕಳವೇ ಇರಲಿಲ್ಲ: ಒಂದೇ ಹೆಸರಿನ, ಇನಿಷಿಯಲ್ ಮಾತ್ರ ಬೇರೆಯಾದ ಇನ್ನೊಂದು ಮಗುವಿನ ಖಾತೆಗೆ ಜಮಾ ಆಗಿತ್ತು. ಅಂದಿನಿಂದ ರಸೀದಿಯಲ್ಲಿ ಹೆಸರಿಗಿಂತ ಮೊದಲು ಪ್ರವೇಶ ಸಂಖ್ಯೆ ಬರೆಯುತ್ತಾರೆ. ಉಳಿದೆರಡು ಹಳೆಯ ಚೀಟಿಗಳು.

ಆ ತಾಯಿಯ 3,000ವನ್ನು ಶಾಲೆಯೇ ತುಂಬಿಕೊಂಡಿತು. 4237, 4238 ಯಾರ ಹೆಸರಿಗೆ ಬರೆದದ್ದೋ ಇಂದಿಗೂ ತಿಳಿದಿಲ್ಲ.