ಕಡಿದಾದ ಜಮೀನಿನಲ್ಲಿ ಮೆಟ್ಟಿಲು ತಾಕು: ಅಗಲ, ಗೋಡೆಯ ಎತ್ತರ ಮತ್ತು ಮಣ್ಣಿನ ಕೆಲಸದ ಲೆಕ್ಕ

ಶೇಕಡಾ 16ರಿಂದ 33ರವರೆಗಿನ ಇಳಿಜಾರಿನ ಸಾಗುವಳಿ ಜಮೀನಿಗೆ ಮೆಟ್ಟಿಲು ತಾಕು, ಅಂದರೆ ಬೆಂಚ್ ಟೆರೇಸ್, ಸೂಕ್ತ ಕಾಮಗಾರಿ. ರೈತರು ಸಹಜವಾಗಿ ಅಗಲವಾದ ತಾಕನ್ನು ಕೇಳುತ್ತಾರೆ. ಆದರೆ ವಿನ್ಯಾಸವು ಅಗಲದಿಂದಲ್ಲ, ಮಣ್ಣಿನ ಆಳದಿಂದ ಆರಂಭವಾಗಬೇಕು.

ತಾಕಿನ ಒಳ ಅರ್ಧವನ್ನು ಅಗೆದು, ಅದೇ ಮಣ್ಣನ್ನು ಹೊರ ಅರ್ಧಕ್ಕೆ ತುಂಬಲಾಗುತ್ತದೆ. ಆದುದರಿಂದ ಒಳ ಅಂಚಿನಲ್ಲಿ ಅಗೆತದ ಆಳವು ಗೋಡೆಯ ಎತ್ತರದ ಅರ್ಧದಷ್ಟಾಗುತ್ತದೆ. ಇಳಿಜಾರು ಶೇ. 25, ಮಣ್ಣಿನ ಆಳ 90 ಸೆಂ.ಮೀ. ಇರುವ ಒಂದು ಹೆಕ್ಟೇರನ್ನು ಪರಿಗಣಿಸೋಣ. ಬೇರಿಗೆ 30 ಸೆಂ.ಮೀ. ಉಳಿಸಿದರೆ 60 ಸೆಂ.ಮೀ. ಅಗೆಯಬಹುದು; ಗೋಡೆಯ ಎತ್ತರ 1.2 ಮೀಟರ್.

ಈ ಇಳಿಜಾರಿನಲ್ಲಿ 1.2 ಮೀಟರ್ ಇಳಿಯಲು 4.8 ಮೀಟರ್ ಅಡ್ಡದೂರ ಬೇಕು. ಗೋಡೆಯನ್ನು ನೇರವಾಗಿ ನಿಲ್ಲಿಸದೆ ಎತ್ತರದ ಅರ್ಧದಷ್ಟು ಓರೆ ಕೊಟ್ಟರೆ 0.6 ಮೀಟರ್ ಅದಕ್ಕೆ ಹೋಗಿ, ತಾಕಿನ ಅಗಲ 4.2 ಮೀಟರ್ ಉಳಿಯುತ್ತದೆ. ಹೆಕ್ಟೇರಿಗೆ ತಾಕುಗಳ ಒಟ್ಟು ಉದ್ದ 10,000ವನ್ನು 4.8ರಿಂದ ಭಾಗಿಸಿದಾಗ 2,083 ಮೀಟರ್. ಅಗೆತದ ತ್ರಿಕೋನದ ಪಾದ 2.1 ಮೀ., ಎತ್ತರ 0.6 ಮೀ.; ವಿಸ್ತೀರ್ಣ 0.63 ಚದರ ಮೀಟರ್. ಹೀಗೆ ಅಗೆತ ಸುಮಾರು 1,312 ಘನ ಮೀಟರ್. ತುಂಬುವ ಮಣ್ಣೂ ಇದೇ ಆದುದರಿಂದ ಅಂದಾಜು ಪಟ್ಟಿಯಲ್ಲಿ ಅಗೆತವನ್ನು ಮಾತ್ರ ಎಣಿಸತಕ್ಕದ್ದು. ಎರಡನ್ನೂ ಕೂಡಿಸಿದರೆ ಪ್ರಮಾಣ ದುಪ್ಪಟ್ಟಾಗುತ್ತದೆ. ಮೇಲ್ಮಣ್ಣನ್ನು ತೆಗೆದು ಮರಳಿ ಹರಡುವ ಕೆಲಸ ಮಾತ್ರ ಪ್ರತ್ಯೇಕ.

ಈಗ ಗೋಡೆಯನ್ನು 1.5 ಮೀಟರಿಗೆ ಏರಿಸಿದರೆ ಅಗಲ 5.25 ಮೀಟರ್ ಆಗುತ್ತದೆ, ಅಗೆತ 1,640 ಘನ ಮೀಟರಿಗೇರುತ್ತದೆ, ಒಳ ಅಂಚಿನಲ್ಲಿ ಉಳಿಯುವ ಮಣ್ಣು ಕೇವಲ 15 ಸೆಂ.ಮೀ. ಗೋಡೆಗೆ ಹೋಗುವ ಪಾಲು ಎರಡರಲ್ಲಿಯೂ ಶೇ. 12.5. ಅಂದರೆ ಸಾಗುವಳಿಗೆ ಸಿಗುವುದು ಆಗಲೂ 8,750 ಚದರ ಮೀಟರ್, ಈಗಲೂ ಅಷ್ಟೇ. ಉಳುಮೆಯ ಯಂತ್ರ ತಿರುಗಲು ಅನುಕೂಲವಾದೀತೇ ಹೊರತು ನೆಲ ಹೆಚ್ಚುವುದಿಲ್ಲ.

ಮಲೆನಾಡಿನಂತಹ ಹೆಚ್ಚು ಮಳೆಯ ಕಡೆ ತಾಕನ್ನು ಒಳಮುಖವಾಗಿ ಓರೆ ಮಾಡಿ, ಒಳ ಅಂಚಿನ ಕಾಲುವೆಯಿಂದ ನೀರನ್ನು ಭದ್ರವಾದ ಹಳ್ಳಕ್ಕೆ ಬಿಡಬೇಕು. ಶೇ. 2.5ರ ಓರೆಗೆ 4.2 ಮೀಟರ್ ಅಗಲದಲ್ಲಿ ಸುಮಾರು 10 ಸೆಂ.ಮೀ. ವ್ಯತ್ಯಾಸ, ಇದರಿಂದ ಒಳ ಅಂಚಿನ ಅಗೆತ ಇನ್ನೂ 5 ಸೆಂ.ಮೀ. ಆಳವಾಗುವುದನ್ನು ಮಣ್ಣಿನ ಲೆಕ್ಕದಲ್ಲಿ ಹಿಡಿಯಬೇಕು. ಕೆಲಸವನ್ನು ಕೆಳಗಿನ ತಾಕಿನಿಂದ ಆರಂಭಿಸಿದರೆ ಮೇಲಿನ ತಾಕಿನ ಮೇಲ್ಮಣ್ಣನ್ನು ಸಿದ್ಧವಾದ ಕೆಳತಾಕಿನ ಮೇಲೆ ಹರಡಬಹುದು.

ತುಂಬಿದ ಹೊರ ಅರ್ಧವು ಮೊದಲ ಮಳೆಗೆ ಕುಸಿಯುವುದು ಸಹಜ. ಕುಸಿತವನ್ನು ಲೆಕ್ಕಿಸದೆ ಮಟ್ಟ ಮಾಡಿದ ತಾಕು ಹೊರಮುಖವಾಗಿ ವಾಲಿ, ನೀರು ಗೋಡೆಯ ಮೇಲಿಂದ ಇಳಿಯುತ್ತದೆ. ಹೊರ ಅಂಚಿಗೆ ಸಮಾನಾಂತರವಾದ ಬಿರುಕು, ಗೋಡೆಯ ಮುಖದಲ್ಲಿ ಸಣ್ಣ ಕೊರಕಲುಗಳು ಇದರ ಮೊದಲ ಗುರುತು. ಆದುದರಿಂದ ತುಂಬುವಾಗ ಪದರ ಪದರವಾಗಿ ದಮ್ಮಸು ಮಾಡಿ, ಹೊರ ಅಂಚನ್ನು ಕೆಲವು ಸೆಂಟಿಮೀಟರ್ ಎತ್ತರಿಸಿಡಬೇಕು. ಮೊದಲ ಮಳೆಗಳ ನಂತರ ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಎರಡೂ ಅಂಚುಗಳ ಮಟ್ಟವನ್ನು ಅಳೆದು, ಹೊರ ಅಂಚು ತಗ್ಗಿದ್ದಲ್ಲಿ ಹುಲ್ಲು ನೆಡುವ ಮೊದಲೇ ಮಣ್ಣು ಸೇರಿಸತಕ್ಕದ್ದು.